ಗದಗ ಬ್ರ್ಯಾಂಚಿನ ಲಾಭ: ಡೆಟರ್ಸ್ ಪದ್ಧತಿನೋ, ಸ್ಟಾಕ್ ಅಂಡ್ ಡೆಟರ್ಸ್ ಪದ್ಧತಿನೋ? ಎರಡೂ ಇಟ್ಟು ನೋಡಿದೆ

ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯ ಲೆಕ್ಕ ನಾನು ಬರೀತೀನ್ರಿ. ಹೆಡ್ ಆಫೀಸ್ ಇಲ್ಲೇ, ಗದಗದಾಗ ಒಂದು ಬ್ರ್ಯಾಂಚ್, ಹಾವೇರಿಯಾಗ ಇನ್ನೊಂದು ಸಣ್ಣದು. ಎರಡೂ ಕಡೆ ಸ್ವಂತ ಖಾತೆ-ಕೀರ್ದಿ ಇಲ್ಲ, ಮಾಲು ಎಲ್ಲಾ ಇಲ್ಲಿಂದನ ಹೋಗ್ತೈತಿ, ಮಾರಿದ ರೊಕ್ಕ ದಿನಾ ನಮ್ಮ ಬ್ಯಾಂಕ್ ಖಾತೆಗೆ ಬರ್ತೈತಿ, ಬಾಡಿಗಿ ಪಗಾರ ನಾವಾ ಕೊಡ್ತೀವಿ. ಇಂಥ ಬ್ರ್ಯಾಂಚಿಗೆ ಮೊದಲಿಂದ ಡೆಟರ್ಸ್ ಪದ್ಧತಿನ ಇತ್ತು. ಈ ಸಲ ಜನವರಿಯಿಂದ ಮಾರ್ಚ್ ತನಕ ಗದಗಿನ ಲೆಕ್ಕ ಎರಡೂ ಪದ್ಧತಿಯೊಳಗ ಒಟ್ಟಿಗೆ ಇಟ್ಟೆ, ಯಾಕಂದ್ರ ಮಾಲಕರು ಪ್ರತಿ ಸಲ "ಲಾಭ ಯಾಕ ಕಮ್ಮಿ ಆತು" ಅಂತ ಕೇಳಿದಾಗ ನನ್ನ ಹತ್ರ ಉತ್ತರ ಇರ್ತಿರಲಿಲ್ಲ.

ಡೆಟರ್ಸ್ ಪದ್ಧತಿಯೊಳಗ ಕೆಲಸ ಹಗುರ. ಬ್ರ್ಯಾಂಚ್ ಖಾತೆ ಅಂತ ಒಂದ ಖಾತೆ. ಆರಂಭದ ಸ್ಟಾಕು, ಆರಂಭದ ಉದ್ರಿ ಬಾಕಿ, ಕಳಿಸಿದ ಮಾಲು, ಖರ್ಚಿಗೆ ಕಳಿಸಿದ ರೊಕ್ಕ ಎಲ್ಲಾ ಡೆಬಿಟ್ಟಿಗೆ. ಅಲ್ಲಿಂದ ಬಂದ ರೊಕ್ಕ, ವಾಪಸ್ ಬಂದ ಮಾಲು, ಕೊನಿಗೆ ಉಳಿದ ಸ್ಟಾಕು, ಉಳಿದ ಉದ್ರಿ ಕ್ರೆಡಿಟ್ಟಿಗೆ. ಕ್ರೆಡಿಟ್ ಹೆಚ್ಚಿದ್ರ ಲಾಭ, ಅಷ್ಟ.

ನಮ್ಮ ಅಂಕಿ ಅಸಲು ದರದಾಗ ಹಿಂಗಿದ್ವು: ಆರಂಭದ ಸ್ಟಾಕು 80,000, ಉದ್ರಿ 40,000, ಕಳಿಸಿದ ಮಾಲು 4,00,000, ಖರ್ಚು 45,000. ಒಟ್ಟು 5,65,000. ಬಂದ ರೊಕ್ಕ 4,50,000, ವಾಪಸ್ ಮಾಲು 8,000, ಕೊನಿಗೆ ಎಣಿಸಿದ ಸ್ಟಾಕು 76,800, ಉದ್ರಿ ಬಾಕಿ 55,000. ಒಟ್ಟು 5,89,800. ಲಾಭ 24,800 ಬಂತು. ಖಾತೆ ಸರಿಯಾಗಿ ಮುಚ್ಚಿತು, ಎಲ್ಲೂ ತಕರಾರಿಲ್ಲ. ಬರೀ ಇದೊಂದ ಇದ್ದಿದ್ರ ನಾನು ಹಂಗ ಮಾಲಕರಿಗೆ ಕೊಟ್ಟು ಬಿಡ್ತಿದ್ದೆ, ಆದ್ರ ಆ ಅಂಕಿ ತಪ್ಪಿತ್ತು.

ಅದು ಗೊತ್ತಾಗಿದ್ದು ಎರಡನೇ ಪದ್ಧತಿಯಿಂದ. ಸ್ಟಾಕ್ ಅಂಡ್ ಡೆಟರ್ಸ್ ಒಳಗ ಒಂದ ಖಾತೆ ಇರೋದಿಲ್ಲ, ಬ್ರ್ಯಾಂಚ್ ಸ್ಟಾಕಿಗೆ ಒಂದು, ಉದ್ರಿಗೆ ಒಂದು, ಖರ್ಚಿಗೆ ಒಂದು, ಮತ್ತ ಲೋಡಿಂಗ್, ಅಂದ್ರ ಅಸಲಿನ ಮ್ಯಾಲ ಕೂಡಿಸಿದ ಲಾಭದ ಪಾಲು, ಹಿಡಿಯಾಕ ಅಡ್ಜಸ್ಟ್‌ಮೆಂಟ್ ಖಾತೆ ಅಂತ ಒಂದು. ಮುಖ್ಯ ಮಾತಂದ್ರ ಸ್ಟಾಕ್ ಖಾತೆ ನಡಿಯೋದು ಅಸಲಿನ ಮ್ಯಾಲಲ್ಲ, ಇನ್ವಾಯ್ಸ್ ದರದ ಮ್ಯಾಲ, ಅಂದ್ರ ಬ್ರ್ಯಾಂಚು ಯಾವ ದರಕ್ಕ ಮಾರಬೇಕೋ ಆ ದರ. ನಾವು ಅಸಲಿನ ಮ್ಯಾಲ 25% ಹಾಕ್ತೀವಿ, 80 ರೂಪಾಯಿ ಮಾಲು 100 ಅಂತ ಹೋಗ್ತೈತಿ. ಒಳಗ ಹೋದದ್ದೂ ಅದ ದರ, ಮಾರಿದ್ದೂ ಅದ ದರ (ಮಾರಾಟದ ಅಂಕಿಯಿಂದ ಜಿಎಸ್‌ಟಿ ತೆಗೆದು ಹಿಡೀಬೇಕು, ಇದನ್ನ ಮರೀಬ್ಯಾಡ್ರಿ), ಹಂಗಾಗಿ ಅಂಗಡಿಯಾಗ ಎಷ್ಟು ಮಾಲು ಇರಬೇಕು ಅಂತ ಹುಬ್ಬಳ್ಳಿಯಾಗ ಕುಂತು ಹೇಳಬಹುದು.

ಆರಂಭದ 1,00,000, ಕಳಿಸಿದ್ದು 5,00,000, ಕೂಡಿ 6,00,000. ನಗದು ಮಾರಾಟ 2,70,000, ಉದ್ರಿ ಮಾರಾಟ 2,00,000, ವಾಪಸ್ 10,000 ಕಳದ್ರ 1,20,000 ಮಾಲು ಅಂಗಡಿಯಾಗ ಇರಬೇಕಿತ್ತು. ಎಣಿಸಿದಾಗ ಇದ್ದದ್ದು 96,000. 24,000 ಎಲ್ಲಿ ಹೋತು?

ಮೊದಲು ಚಲನ್ ಬುಕ್ ತಗದೆ. ಮಾರ್ಚ್ 30ಕ್ಕ ಇಲ್ಲಿಂದ ಬಿಟ್ಟ ಸೀರಿ ಗಂಟು, 14,000 ರೂಪಾಯಿದು, ಗದಗ ಮುಟ್ಟಿದ್ದು ಏಪ್ರಿಲ್ 2ಕ್ಕ. ನಾವು ಕಳಿಸಿದ್ದು ಬರದೀವಿ, ಅವರು ಎಣಿಸುವಾಗ ಇರಲಿಲ್ಲ. ಕಮ್ಮಿ ಬಿದ್ದ ಅಂಕಿಯೊಳಗ ಒಂದು ಚಲನ್ನಿನ ಮೊತ್ತ ಹಂಗ ಕುಂತಿದ್ರ ಮೊದಲ ದಾರಿಯಾಗಿರೋ ಮಾಲು ನೋಡ್ರಿ. ಅದನ್ನ ದಾರಿಯಲ್ಲಿರುವ ಮಾಲು ಅಂತ ಕೊನಿ ಸ್ಟಾಕಿಗೆ ಸೇರಿಸಿದ್ರ ಅಸಲಿನ ಲೆಕ್ಕದಾಗ 11,200 ಹೆಚ್ಚಾತು, ಡೆಟರ್ಸ್ ಪದ್ಧತಿಯ ಲಾಭನೂ 24,800 ಹೋಗಿ 36,000 ಆತು.

ಉಳಿದದ್ದು 10,000. ಗದಗದ ಮ್ಯಾನೇಜರ್ ಅಣ್ಣಾವ್ರಿಗೆ ಫೋನ್ ಮಾಡಿ "ಅಣ್ಣಾರ, ಸಂಕ್ರಾಂತಿ ಟೈಮಿನ್ಯಾಗ ಏನರ ದರ ಇಳಿಸಿದ್ರಿ?" ಅಂತ ಕೇಳಿದೆ. "ಹೌದ್ರಿ, ಹಳೇ ಸೀರಿ ಹೋಗಲಿಲ್ಲ ಅಂತ ಇಳಿಸಿ ಕೊಟ್ಟೀನಿ, ಬಿಲ್ ಹಿಂದ ಬರದೀನಿ" ಅಂದ್ರು. ಕೂಡಿಸಿದ್ರ 6,000. ಇದು ಕಳುವಲ್ಲ, ದರ ಇಳಿಸಿದ್ದು, ಹಂಗಾಗಿ ಪೂರ್ತಿ 6,000 ಅಡ್ಜಸ್ಟ್‌ಮೆಂಟ್ ಖಾತೆಗೆ ಹಾಕಿದೆ. ಆ ಬಿಲ್ ಹಿಂದಿನ ಬರಹ ಇರದಿದ್ರ ಒಬ್ಬ ಒಳ್ಳೆ ಮನುಷ್ಯಾನ ಮ್ಯಾಲ ಅನುಮಾನ ಬರ್ತಿತ್ತು, ಅದಕ್ಕ ಈಗ ದರ ಇಳಿಸಿದ್ದಕ್ಕ ಬ್ಯಾರೆ ವಹಿನ ಇಟ್ಟೀವಿ.

ಕಡೀಕ 4,000 ಮಾತ್ರ ನಿಜವಾಗಿ ಕಮ್ಮಿ. ಇದರಾಗ 800 ಲೋಡಿಂಗು, ಅದು ಅಡ್ಜಸ್ಟ್‌ಮೆಂಟಿಗೆ. 3,200 ಅಸಲು, ಅದು ಬ್ರ್ಯಾಂಚಿನ ಲಾಭ-ನಷ್ಟಕ್ಕ. ಥಾನ್ ಕತ್ತರಿಸುವಾಗ ಸಹಜವಾಗಿ ಹೋಗೋವಷ್ಟ ಅಂತ ಗೊತ್ತಿದ್ರ ಪೂರ್ತಿ ಅಡ್ಜಸ್ಟ್‌ಮೆಂಟಿಗೆ ಹಾಕಬಹುದು, ಆದ್ರ ನನಗ ಖಾತ್ರಿ ಇರಲಿಲ್ಲ, ಅದಕ್ಕ ಕಣ್ಣಿಗೆ ಕಾಣೋ ಹಂಗ ಲಾಭ-ನಷ್ಟದಾಗ ಇಟ್ಟೆ.

ಅಡ್ಜಸ್ಟ್‌ಮೆಂಟ್ ಖಾತೆ ಮುಚ್ಚುವಾಗ ನಮ್ಮ ಹುಡುಗ ಒಂದು ತಪ್ಪು ಮಾಡಿದ್ದ, ಭಾಳ ಮಂದಿ ಮಾಡೋದು ಇದನ್ನ. ಕೊನಿ ಸ್ಟಾಕು 1,10,000ದಾಗ 25% ಲೋಡಿಂಗ್ ಅಂತ 27,500 ತಗದಿದ್ದ. 25% ಇರೋದು ಅಸಲಿನ ಮ್ಯಾಲ, ಇನ್ವಾಯ್ಸ್ ದರದಾಗ ಅದು ಐದರಾಗ ಒಂದು ಪಾಲು, 22,000 ಅಷ್ಟ. ಈ ಒಂದು ತಪ್ಪಿಗೆ ಲಾಭ 5,500 ಕಮ್ಮಿ ಕಾಣ್ತಿತ್ತು. ತಿದ್ದಿದ ಮ್ಯಾಲ ಒಟ್ಟು ಲಾಭ 89,200. ಅದರಾಗ ಕಮ್ಮಿ ಬಿದ್ದ ಮಾಲು 3,200, ಖರ್ಚು 45,000, ಮುಳುಗಿದ ಉದ್ರಿ 3,000, ಗಿರಾಕಿಗೆ ಬಿಟ್ಟ ಡಿಸ್ಕೌಂಟ್ 2,000 ಕಳದ್ರ 36,000.

ಅಂದ್ರ ಲಾಭದ ಅಂಕಿ ಎರಡರಾಗೂ ಒಂದ. ಮುಳುಗಿದ 3,000 ಡೆಟರ್ಸ್ ಪದ್ಧತಿಯೊಳಗೂ ಕಳೀತೈತಿ, ಆದ್ರ ಬ್ರ್ಯಾಂಚ್ ಖಾತೆಯಾಗ ಅದರ ಹೆಸರ ಬರೋದಿಲ್ಲ, ಕೊನಿ ಉದ್ರಿ ಬಾಕಿ ಕಮ್ಮಿ ಆಗಿರ್ತೈತಿ ಅಷ್ಟ. ಮಾಲು ಕಳದದ್ದೂ ಹಂಗ, ಕೊನಿ ಸ್ಟಾಕಿನ್ಯಾಗ ಕರಗಿ ಹೋಗ್ತೈತಿ.

ಗದಗಕ್ಕ ನಾನು ಸ್ಟಾಕ್ ಅಂಡ್ ಡೆಟರ್ಸನ್ನ ಉಳಿಸಿಕೊಂಡೀನಿ. ಕೆಲಸ ಹೆಚ್ಚು ಖರೆ, ನಗದು ಉದ್ರಿ ಬ್ಯಾರೆ ಬ್ಯಾರೆ ದಿನಾ ತರಿಸ್ಕೋಬೇಕು, ಮೂರು ತಿಂಗಳಿಗೊಮ್ಮೆ ಎಣಿಸೋದು ಸಾಲದು ಅಂತ ಈಗ ತಿಂಗಳಿಗೊಮ್ಮೆ ಎಣಿಸಾಕತ್ತೀವಿ.

ಹಾವೇರಿಗೆ ಮಾತ್ರ ಹಳೇ ಪದ್ಧತಿನ ಬಿಟ್ಟೀನಿ. ಅಲ್ಲಿ ಗಿರಾಕಿ ಚೌಕಾಶಿ ಮಾಡದ ತಗೊಳೋದಿಲ್ಲ, ಒಂದ ಸೀರಿ ಬೆಳಿಗ್ಗೆ ಒಂದು ದರ, ಸಂಜಿಗೆ ಒಂದು ದರ. ಇನ್ವಾಯ್ಸ್ ದರಕ್ಕ ಮಾರಾಟ ಆಗದಿದ್ರ ಸ್ಟಾಕ್ ಖಾತೆ ತೋರಿಸೋ ಕೊರತಿ ಮಾಲಿನದೋ ದರದ್ದೋ ಹೇಳಾಕ ಆಗೋದಿಲ್ಲ, ಪ್ರತಿ ಬಿಲ್ಲಿಗೂ ಇಳಿಸಿದ್ದು ಬರಿ ಅಂದ್ರ ಇಬ್ಬರೇ ಇರೋ ಅಂಗಡಿಯಾಗ ನಡಿಯೋದಿಲ್ಲ. ಅಲ್ಲಿಗೆ ಅಸಲು ದರದ ಬ್ರ್ಯಾಂಚ್ ಖಾತೆ, ಜೊತಿಗೆ ಸೀರಿ ಎಷ್ಟು ಹೋದ್ವು ಎಷ್ಟು ಉಳಿದ್ವು ಅಂತ ಬರೀ ಪೀಸಿನ ಎಣಿಕಿ ವಹಿ ಇಟ್ಟೀನಿ.