ಶೆಡ್ಡಿನ ಕಬ್ಬಿಣಕ್ಕೆ ಟೇಬಲ್ ತೂಕದ ಬಿಲ್ ಕೊಟ್ಟರೆ ಮೊದಲು ದಪ್ಪ ಅಳೆಯಿರಿ

ಅಣ್ಣನ ದನದ ಕೊಟ್ಟಿಗೆಗೆ ಕಬ್ಬಿಣದ ಶೆಡ್ ಹಾಕಿಸಿದೆವು. ಕೂಲಿ ಸೇರಿ ಕೆ.ಜಿ.ಗೆ 110 ರೂಪಾಯಿ ಮಾತಾಗಿತ್ತು. ಕೆಲಸ ಮುಗಿದ ಮೇಲೆ ವೆಲ್ಡಿಂಗ್‌ನವರು ಕೊಟ್ಟ ಬಿಲ್ಲಿನಲ್ಲಿದ್ದದ್ದು ತಕ್ಕಡಿಯ ತೂಕವಲ್ಲ, ಯಾವ ಅಳತೆಯ ಕಬ್ಬಿಣ ಮೀಟರಿಗೆ ಎಷ್ಟು ತೂಗಬೇಕು ಅಂತ ಹೇಳುವ ಸೆಕ್ಷನ್ ಟೇಬಲ್ ನೋಡಿ ಹಾಕಿದ ಲೆಕ್ಕ. 50×50×6 ಆಂಗಲ್ 72 ಮೀಟರ್, ಮೀಟರಿಗೆ 4.5 ಕೆ.ಜಿ.ಯಂತೆ 324 ಕೆ.ಜಿ. ಕಂಬಕ್ಕೆ ಐಎಸ್‌ಎಂಸಿ ಅನ್ನುವ ಮಧ್ಯಮ ತೂಕದ 100ರ ಚಾನೆಲ್ 12 ಮೀಟರ್, ಮೀಟರಿಗೆ 9.56 ಕೆ.ಜಿ.ಯಂತೆ ಸುಮಾರು 115 ಕೆ.ಜಿ. ಭಾರತೀಯ ಮಾನಕ ಐಎಸ್ 808ರ ಟೇಬಲ್ಲಿನಲ್ಲೂ ಇದೇ ಅಂಕಿಗಳಿವೆ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಮೋಸ ಇದ್ದದ್ದು ಮಾಲಿನಲ್ಲಿ.

ಅಂಗಳದಲ್ಲಿ ಬಿದ್ದಿದ್ದ ಒಂದು ಮೀಟರ್ ಆಂಗಲ್ ತುಂಡನ್ನು ಅಣ್ಣ ಹಾಲಿನ ಡೈರಿಯ ತಕ್ಕಡಿಗೆ ಇಟ್ಟ. 3.8 ಕೆ.ಜಿ. ತೋರಿಸಿತು. ವರ್ನಿಯರ್ ಹಿಡಿದರೆ ದಪ್ಪ 5 ಮಿ.ಮೀ. 5 ಮಿ.ಮೀ., 6 ಮಿ.ಮೀ. ಎರಡಕ್ಕೂ ಹೊರಗಿನ ಅಳತೆ 50×50 ಆದ್ದರಿಂದ ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ಚಾನೆಲ್‌ನದು ಇನ್ನೂ ಸೂಕ್ಷ್ಮ. ಐಎಸ್‌ಎಲ್‌ಸಿ 100 ಅನ್ನುವ ಹಗುರ ಚಾನೆಲ್ ಕೂಡ 100 ಎತ್ತರ, 50 ಅಗಲವೇ. ಆದರೆ ನಡುವಿನ ಹಾಳೆ 5 ಮಿ.ಮೀ. ಬದಲು 4 ಮಿ.ಮೀ., ತೂಕ ಮೀಟರಿಗೆ 7.9 ಕೆ.ಜಿ. ನಮ್ಮ ಕಂಬಗಳು ಅದೇ. ಎರಡೂ ಸೇರಿ ಸುಮಾರು 70 ಕೆ.ಜಿ. ಇಲ್ಲದ ಕಬ್ಬಿಣಕ್ಕೆ 7,700 ರೂಪಾಯಿ ಬಿಲ್ ಆಗಿತ್ತು. ದುಡ್ಡಿಗಿಂತ ನನಗೆ ಸಂಕಟವಾದದ್ದು ಕಂಬದ ವಿಷಯಕ್ಕೆ: ಗಂಜಲ ತಾಗುವ ಜಾಗದಲ್ಲಿ ತೆಳು ಕಬ್ಬಿಣ ಬೇಗ ತುಕ್ಕು ಹಿಡಿದು ಸವೆಯುತ್ತದೆ.

“ಟೇಬಲ್ ತೂಕಾನೇ ಎಲ್ರೂ ಹಾಕೋದು ಸರ್” ಅಂದರು. ತುಂಡು ಮುಂದಿಟ್ಟ ಮೇಲೆ ದುಡ್ಡು ಕಡಿಮೆ ಮಾಡಿದರು. ಆದರೆ ಕಾಂಕ್ರೀಟಿನಲ್ಲಿ ಕೂತ ಕಂಬ ಬದಲಿಸಲು ಆಗಲಿಲ್ಲ.

ಹಾಗಾಗಿ ಕತ್ತರಿಸುವ ಮುಂಚೆಯೇ, ಬಣ್ಣ ಬಳಿಯುವ ಮುಂಚೆಯೇ ನೋಡಿ. ಆಂಗಲ್ಲಿನ ಮೂಲೆ ಒಳಗೆ ದುಂಡಗೆ ದಪ್ಪವಿರುತ್ತದೆ, ತುದಿ ಸಣ್ಣಗಿರುತ್ತದೆ; ಅದಕ್ಕೇ ರೆಕ್ಕೆಯ ನಡುಭಾಗದಲ್ಲಿ ಅಳೆಯಿರಿ. 6 ಮೀಟರಿನ ಒಂದು ಉದ್ದ ತೂಗಿದರೆ 6 ಮಿ.ಮೀ.ದು 27 ಕೆ.ಜಿ. ಸುತ್ತಮುತ್ತ, 5 ಮಿ.ಮೀ.ದು 23ರ ಹತ್ತಿರ. ಒಂದೆರಡು ಶೇಕಡ ಆಚೀಚೆ ರೋಲಿಂಗ್‌ನಲ್ಲಿ ಸಹಜ. ನಮ್ಮಲ್ಲಿ ಕಡಿಮೆ ಬಂದದ್ದು ಶೇ. 15ಕ್ಕೂ ಹೆಚ್ಚು.

ಪಟ್ಟಿ ಮತ್ತು ಪ್ಲೇಟಿಗೆ ಟೇಬಲ್ಲೇ ಬೇಡ. ಅಗಲ, ದಪ್ಪ ಮಿ.ಮೀ.ನಲ್ಲಿ ಗುಣಿಸಿ 0.00785ರಿಂದ ಮತ್ತೆ ಗುಣಿಸಿದರೆ ಮೀಟರಿನ ತೂಕ ಸಿಗುತ್ತದೆ. 50×6 ಪಟ್ಟಿ 2.36 ಕೆ.ಜಿ. ಬರುತ್ತದೆ. 200×200×10ರ ಬೇಸ್ ಪ್ಲೇಟಿನ ಉದ್ದ ಮೀಟರಿನ ಐದರಲ್ಲಿ ಒಂದು ಪಾಲು, ಹಾಗಾಗಿ ಒಂದಕ್ಕೆ 3.14 ಕೆ.ಜಿ. ಚಾನೆಲ್ಲಿಗೆ ಮಾತ್ರ ಈ ಗುಣಾಕಾರ ನಡೆಯದು, ಅದರ ರೆಕ್ಕೆ ಓರೆಯಾಗಿರುತ್ತದೆ. ನಡುವಿನ ಹಾಳೆಯ ದಪ್ಪ ಅಳೆದು ಟೇಬಲ್ಲಿಗೇ ಹೋಲಿಸಬೇಕು. ಹಳೆಯ ಟೇಬಲ್ಲುಗಳಲ್ಲಿ ಐಎಸ್‌ಎಂಸಿ 100ಕ್ಕೆ 9.2 ಅಂತಲೂ ಇದೆ, ಯಾವುದು ಅಂತ ಮೊದಲೇ ಕೇಳಿ.

ಕೊಟೇಷನ್ನಿನಲ್ಲಿ ‘100 ಚಾನೆಲ್’ ಅಂತ ಬರೆಯಲು ಬಿಡಬೇಡಿ. ಐಎಸ್‌ಎಂಸಿಯೋ ಐಎಸ್‌ಎಲ್‌ಸಿಯೋ, ಆಂಗಲ್ಲಿನ ದಪ್ಪ ಎಷ್ಟು, ಬಿಲ್ ವೇಬ್ರಿಡ್ಜ್ ಚೀಟಿಯ ಮೇಲೋ ಟೇಬಲ್ ಮೇಲೋ, ತುಂಡುಗಳ ತೂಕ ಯಾರ ಲೆಕ್ಕಕ್ಕೆ, ಇವಿಷ್ಟನ್ನೂ ಅಡ್ವಾನ್ಸ್ ಕೊಡುವ ಮುಂಚೆ ಬರೆಸಿಕೊಳ್ಳಿ.