ಕಂಟ್ರೋಲ್‌ನೆಟ್‌ನಲ್ಲಿ ಓಪನ್‌ಪೋಸಾ, ಕ್ಯಾನಿನಾ?

ಎಐನಲ್ಲಿ ಚಿತ್ರ ಮಾಡ್ವಾಗ ಫೋಟೋದ ಭಂಗಿ, ಆಕಾರ ಉಳಿಸ್ಕೊಳ್ಳೋಕೆ ಕಂಟ್ರೋಲ್‌ನೆಟ್ ಬಳಸ್ತೀವಲ್ಲ, ಅದ್ರಲ್ಲಿ ಈ ಎರಡರಲ್ಲಿ ಯಾವ್ದು ಹಾಕ್ಬೇಕು? ಕುರ್ಚಿ ಮೇಲೆ ಕಾಲ್ಮೇಲೆ ಕಾಲ್ ಹಾಕ್ಕೊಂಡು ಕೂತಿರೋ ಹುಡುಗನ ಫೋಟೋ ಇದೆ, ಅದೇ ಭಂಗಿಲಿ ಉದ್ದ ನಿಲುವಂಗಿ ಹಾಕಿರೋ ಮುದುಕ ಬೇಕು ಅನ್ಕೊಳ್ಳಿ.

ಕ್ಯಾನಿ ಫೋಟೋದಲ್ಲಿರೋ ಅಂಚುಗಳನ್ನೆಲ್ಲ ಗೆರೆಯಾಗಿ ಎತ್ಕೊಳ್ಳತ್ತೆ, ಅದನ್ನ ಹಾಕಿದ್ರೆ ಕುರ್ಚಿ, ಫ್ರೇಮಿಂಗು ಎಲ್ಲಾ ಇದ್ದಲ್ಲೇ ಕೂರತ್ತೆ. ಆದ್ರೆ ಹುಡುಗನ ಟೀಶರ್ಟ್ ಅಂಚು, ಕೂದ್ಲಿನ ಆಕಾರ ಕೂಡ ಗೆರೆಯಾಗಿ ಒಳಗೆ ಹೋಗಿರತ್ತಲ್ಲ, ಹಾಗಾಗಿ ಪ್ರಾಂಪ್ಟ್‌ನಲ್ಲಿ ನಿಲುವಂಗಿ ಅಂತ ಎಷ್ಟು ಸಲ ಬರೆದ್ರೂ ಬರೋದು ಟೀಶರ್ಟ್ ಅಳತೆಯ ಬಿಗಿ ಅಂಗಿನೇ. ಮುದುಕನ ಮುಖ, ಹುಡುಗನ ಮೈ, ನೋಡಕ್ಕೆ ವಿಚಿತ್ರ!

ಓಪನ್‌ಪೋಸ್ ಇದರ ಉಲ್ಟಾ. ಅದು ಮೈಯಿಂದ ಎತ್ಕೊಳ್ಳೋದು ಭುಜ, ಮೊಣಕೈ, ಮಂಡಿ ಥರದ 18 ಪಾಯಿಂಟ್ ಅಷ್ಟೇ, ಬಟ್ಟೆ ಬಗ್ಗೆ ಅದಕ್ಕೇನೂ ಗೊತ್ತಿಲ್ಲ, ಸೋ ನಿಲುವಂಗಿ ಆರಾಮಾಗಿ ಬರತ್ತೆ. ಕುರ್ಚಿನೂ ಗೊತ್ತಿಲ್ಲ ಅನ್ನೋದೇ ತಲೆನೋವು, ಪ್ರಾಂಪ್ಟ್‌ನಲ್ಲಿ ಹೇಳ್ಬೇಕು, ಹೇಳಿದ್ರೂ ಜಾಗ ಅದರಿಷ್ಟ. ಇನ್ನೊಂದು, ಕಾಲ್ಮೇಲೆ ಕಾಲ್ ಇದ್ದಾಗ ಯಾವ್ದು ಮುಂದೆ ಅಂತ ಆ ಕಡ್ಡಿಗೊಂಬೆ ಹೇಳಲ್ಲ, ಕೆಲವು ಸಲ ಕಾಲು ಅದಲುಬದಲಾಗತ್ತೆ. ಜನರೇಟ್ ಮಾಡೋ ಮುಂಚೆ ಪ್ರಿವ್ಯೂ ನೋಡಿ, ಮಂಡಿ ಪಾಯಿಂಟೇ ಕಾಣ್ತಿಲ್ಲ ಅಂದ್ರೆ ಸೀಡ್ ಬದಲಾಯಿಸಿದ್ರೂ ಉಪಯೋಗ ಇಲ್ಲ.

ಈ ಕೇಸಿಗೆ ನನ್ನ ಓಟು ಓಪನ್‌ಪೋಸಿಗೇ. ಕುರ್ಚಿ ಅಲ್ಲಾಡಬಾರ್ದು ಅಂದ್ರೆ ಕ್ಯಾನಿ ಮ್ಯಾಪನ್ನ ಪೇಂಟಲ್ಲಿ ಓಪನ್ ಮಾಡಿ ಹುಡುಗನ ಗೆರೆಗಳ ಮೇಲೆ ಕಪ್ಪು ಬಳಿದು, ಕುರ್ಚಿದು ಮಾತ್ರ ಉಳಿಸಿ, ಕಂಟ್ರೋಲ್‌ನೆಟ್‌ನ ಎರಡನೇ ಯೂನಿಟ್‌ಗೆ ಹಾಕಿ, ಅಲ್ಲಿ ಪ್ರಿಪ್ರೊಸೆಸರ್ `none` ಇರ್ಲಿ, ವೇಟ್ 0.5 ಹತ್ರ ಇಟ್ಟು ಶುರು ಮಾಡಿ. ನಿಲುವಂಗಿ ಕುರ್ಚಿ ಗೆರೆ ಹತ್ರ ಕತ್ತರಿಸಿದ ಹಾಗೆ ಕಂಡ್ರೆ ಆ ಯೂನಿಟ್ಟಿನ `Ending Control Step` 0.6ಕ್ಕೆ ಇಳಿಸಿ.