ಹೊಯ್ಗೆ ನೆಲದ ಬೋರ್‌ಗೆ 0.75 ಎಂಎಂ ಸ್ಲಾಟ್ ಪೈಪ್: ನಾಲ್ಕು ವರ್ಷ ಬಳಸಿದ ಮೇಲೆ

ನೀರು ಒಳಗೆ ಬರಲು ಮೈಯಲ್ಲಿ ಸಣ್ಣ ಸೀಳು ಇರುವ ಈ ಸ್ಲಾಟ್ ಪೈಪ್ ಒಳ್ಳೆಯದೇ, ಧೈರ್ಯವಾಗಿ ತಗೊಳ್ಳಬಹುದು. ಆದರೆ ಪೈಪ್ ಅಂಗಡಿಗೆ ಹೋಗುವ ಮುಂಚೆ ಹೊಯ್ಗೆ ತಡೆಯಲು ಪೈಪಿನ ಸುತ್ತ ತುಂಬುವ ಕಾಳು, ಅಂದರೆ ಗ್ರಾವೆಲ್, ಎಲ್ಲಿ ಸಿಗುತ್ತದೆ ಅಂತ ಹುಡುಕಿ ಇಟ್ಟುಕೊಳ್ಳಿ. ಈ ವಿಮರ್ಶೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ರಾವೆಲ್ ವಿಷಯವೇ ಬರುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ.

ನಮ್ಮ ಮನೆ ಕುಂದಾಪುರದ ಕಡೆ, ಕಡಲಿಗೆ ಹತ್ತಿರ. ಅಗೆದಷ್ಟೂ ಹೊಯ್ಗೆ. ಹದಿನಾರು ಮೀಟರ್ ಹತ್ತಿರ ಹೋದರೆ ಜೇಡಿ ಸಿಗುತ್ತದೆ, ಅದರ ಕೆಳಗೆ ಹೋಗುವ ಆಸೆ ಯಾರಿಗೂ ಇಲ್ಲ, ಉಪ್ಪಿನ ಭಯ. ಹಳೆ ಬೋರ್ ಅಪ್ಪನ ಕಾಲದ್ದು. ಅದನ್ನು ಹಾಕಿದವರು ಸಾದಾ ಪಿವಿಸಿ ಪೈಪಿಗೆ ಗರಗಸದಲ್ಲಿ ಗೀರು ಹಾಕಿ, ಮೇಲೆ ನೈಲಾನ್ ಬಲೆ ಸುತ್ತಿ, ಸುತ್ತ 12 ಎಂಎಂ ಜಲ್ಲಿ ಸುರಿದು ಹೋಗಿದ್ದರು. ನೀರೇನೋ ಧಾರಾಳ. ಜೊತೆಗೆ ಹೊಯ್ಗೆಯೂ ಧಾರಾಳ. ಪಂಪಿನ ಇಂಪೆಲ್ಲರ್ ಸವೆಯುವುದು, ಟ್ಯಾಂಕಿನ ತಳದಲ್ಲಿ ಹೊಯ್ಗೆ ಕೂರುವುದು ಮಾಮೂಲಾಗಿತ್ತು. ಕೊನೆಗೆ ಪೈಪಿನ ಸುತ್ತಲಿನ ನೆಲವೇ ಕುಸಿಯಿತು. ಆಗ ಹೊಸದು ಹಾಕಿಸಲೇಬೇಕಾಯಿತು.

ಹೊಸ ಬೋರ್‌ಗೆ ಕೊಟೇಶನ್ ಕೇಳಿದಾಗ ಎಲ್ಲರೂ ಪೈಪಿನ ಬಗ್ಗೆಯೇ ಮಾತಾಡಿದರು. ಸಿಎಂ ಹಾಕಿ, ಸಿಡಿ ಹಾಕಿ, ಅವು ದಪ್ಪ ದರ್ಜೆ, ದಪ್ಪ ಇದ್ದರೆ ಬಾಳಿಕೆ ಅಂತ. ಬೋರ್‌ವೆಲ್ ಪೈಪಿನ ಭಾರತೀಯ ಮಾನಕ ಐಎಸ್ 12818 ಪ್ರಕಾರ ಅವಕ್ಕಿಂತ ತೆಳುವಾದ ಸಿಎಸ್ ದರ್ಜೆ 80 ಮೀಟರ್ ಆಳದವರೆಗೆ ಸಾಕು. ನಮ್ಮದು 16 ಮೀಟರ್. ಹಾಗಾಗಿ ಸಿಎಸ್ ಕೇಸಿಂಗ್ ತಗೊಂಡೆ, ಉಳಿದ ದುಡ್ಡು ಬೇರೆ ಕಡೆಗೆ ಇಟ್ಟುಕೊಂಡೆ. ನಾಲ್ಕು ವರ್ಷದಲ್ಲಿ ಅದರಿಂದ ಏನೂ ತೊಂದರೆ ಇಲ್ಲ. ಕೇಸಿಂಗ್ ಬಗ್ಗೆ ಇಷ್ಟು ಸಾಕು.

ಸ್ಲಾಟ್ ಎಷ್ಟು ಎಂಎಂ ಇರಬೇಕು ಅನ್ನುವುದೇ ನಿಜವಾದ ಪ್ರಶ್ನೆ. ಅಂಗಡಿಯವರು ಕೊಟ್ಟ ಉತ್ತರ: "1.5 ಇದೆ, ಎಲ್ಲರೂ ಅದನ್ನೇ ಒಯ್ಯುತ್ತಾರೆ." ಅವರ ಹತ್ತಿರ ಇದ್ದದ್ದೇ ಅದು. ಸ್ಲಾಟ್ ಅಳತೆಯನ್ನು ಅಂಗಡಿಯಲ್ಲಿ ತೀರ್ಮಾನಿಸುವ ಹಾಗಿಲ್ಲ. ನೆಲದ ಹೊಯ್ಗೆ ನೋಡಿ ಗ್ರಾವೆಲ್, ಗ್ರಾವೆಲ್ ನೋಡಿ ಸ್ಲಾಟ್. ಈ ಕ್ರಮ ತಿರುಗಿಸಿದರೆ ಮತ್ತೆ ಹಳೆ ಬೋರ್ ಕತೆಯೇ.

ಬೋರ್ ಇಳಿಸುವಾಗ ಪ್ರತಿ ಮೀಟರಿಗೂ ಹೊಯ್ಗೆ ತೆಗೆದು ಬೇರೆ ಬೇರೆ ಕವರಿನಲ್ಲಿ ಇಟ್ಟೆವು. ಹೊರಗೆ ಹರಿಯುವ ನೀರಿನಿಂದ ಬಾಚಬೇಡಿ, ಸಣ್ಣ ಪುಡಿಯೆಲ್ಲ ತೊಳೆದು ಹೋಗಿರುತ್ತದೆ, ಹೊಯ್ಗೆ ಇರುವುದಕ್ಕಿಂತ ದಪ್ಪ ಅನ್ನಿಸುತ್ತದೆ. ತಳದಲ್ಲಿ ಬಾಗಿಲಿರುವ ಕೊಳವೆ, ಅಂದರೆ ಬೇಲರ್, ಇಳಿಸಿ ತಳದಿಂದಲೇ ಎತ್ತಿಸಿ. ಸ್ಕ್ರೀನ್, ಅಂದರೆ ಸ್ಲಾಟ್ ಪೈಪ್, ಕೂರುವ ಆಳದಲ್ಲಿ ಎಲ್ಲಕ್ಕಿಂತ ಸಣ್ಣಗಿದ್ದ ಹೊಯ್ಗೆಯನ್ನು ಒಣಗಿಸಿ, ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಭಾವನ ಹತ್ತಿರ ಜರಡಿ ಹಿಡಿಸಿದೆ. 0.3 ಎಂಎಂ ಜರಡಿಯ ತನಕ ಒಟ್ಟು 58 ಶೇಕಡಾ ನಿಂತಿತು. 0.212 ಜರಡಿಯ ತನಕ 80 ಶೇಕಡಾ. ನಮಗೆ ಬೇಕಾದದ್ದು 70 ಶೇಕಡಾ ನಿಲ್ಲುವ ಅಳತೆ. ಅದು ಇವೆರಡರ ನಡುವೆ, ಸುಮಾರು 0.25 ಎಂಎಂ. ಇದರ ನಾಲ್ಕರಿಂದ ಆರು ಪಟ್ಟು ತಗೊಂಡರೆ ಗ್ರಾವೆಲ್‌ನಲ್ಲಿ 70 ಶೇಕಡಾ ನಿಲ್ಲಬೇಕಾದ ಅಳತೆ ಸಿಗುತ್ತದೆ: 1ರಿಂದ 1.5 ಎಂಎಂ. ಅಂದರೆ ಸಾಸಿವೆ ಕಾಳಿನಷ್ಟು! ಇದರ ಮುಂದೆ 12 ಎಂಎಂ ಜಲ್ಲಿ ಹಾಕಿದರೆ ಹೊಯ್ಗೆ ಜಲ್ಲಿಯ ಸಂದಿಯಲ್ಲಿ ಆರಾಮಾಗಿ ನಡೆದು ಬರುತ್ತದೆ. ಹಳೆ ಬೋರ್‌ನಲ್ಲಿ ಆಗುತ್ತಿದ್ದದ್ದು ಅದೇ.

ಸುಮ್ನೆ 0.2 ಸ್ಲಾಟ್ ಹಾಕಿ ಗ್ರಾವೆಲ್ ಬಿಟ್ಟರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ದಪ್ಪ ಸಣ್ಣ ಕಾಳು ಬೆರೆತ ನದಿ ಮರಳಿನಲ್ಲಿ ಗ್ರಾವೆಲ್ ಇಲ್ಲದೆ ನಡೆಯುತ್ತದೆ. ಸಣ್ಣದು ಮೊದಲು ಹೊರಗೆ ಬಂದು, ದಪ್ಪ ಕಾಳು ಪೈಪಿನ ಸುತ್ತ ತಾನೇ ಕಟ್ಟಿಕೊಳ್ಳುತ್ತದೆ. ಕಡಲ ಹೊಯ್ಗೆಯಲ್ಲಿ ಹೆಚ್ಚುಕಡಿಮೆ ಎಲ್ಲ ಕಾಳೂ ಒಂದೇ ಅಳತೆ. ಕಟ್ಟಿಕೊಳ್ಳಲು ದಪ್ಪ ಕಾಳೇ ಇಲ್ಲ. ಇಲ್ಲಿ ಗ್ರಾವೆಲ್ ಹೊರಗಿನಿಂದ ತಂದೇ ಹಾಕಬೇಕು.

ಆದರೆ ಅದನ್ನು ಮಾರುವವರು ಎಲ್ಲಿ? ಪೈಪ್ ಅಂಗಡಿಯಲ್ಲಿಲ್ಲ, ಜಲ್ಲಿ ಕ್ರಷರ್‌ನಲ್ಲಿಲ್ಲ. ಕ್ರಷರ್ ಪುಡಿ ಮೂಲೆಮೂಲೆಯಾಗಿರುತ್ತದೆ, ಧೂಳು ಜಾಸ್ತಿ, ಬೇಡವೇ ಬೇಡ. ಗುಂಡಗಿರಬೇಕು, ತೊಳೆದಿರಬೇಕು, ಬಿಳಿ ಕ್ವಾರ್ಟ್ಜ್ ಆಗಿರಬೇಕು. ಕೊನೆಗೆ ನೀರಿನ ಫಿಲ್ಟರ್ ಮಾಡುವವರ ಹತ್ತಿರ ಸಿಕ್ಕಿತು. ಪ್ರೆಶರ್ ಸ್ಯಾಂಡ್ ಫಿಲ್ಟರ್ ಒಳಗೆ ತುಂಬುವ ಮಾಲು, 50 ಕೆಜಿ ಚೀಲ, ಮೇಲೆ 1–2 ಎಂಎಂ ಅಂತ ಬರೆದಿರುತ್ತದೆ. ಬರೆದದ್ದನ್ನು ನಂಬದೆ ಒಂದು ಹಿಡಿ ತಂದು ಜರಡಿ ಹಿಡಿಸಿದೆ, ಸರಿಯಾಗಿಯೇ ಇತ್ತು. ಗ್ರಾವೆಲ್‌ನಲ್ಲಿ 90 ಶೇಕಡಾ ಒಳಗೆ ಬಾರದೆ ಹೊರಗೇ ನಿಲ್ಲುವಷ್ಟು ಸ್ಲಾಟ್ ಇರಬೇಕು. ಹಾಗಾಗಿ 0.75. ಅಂಗಡಿಯವರ 1.5 ಹಾಕಿದ್ದರೆ ಗ್ರಾವೆಲ್‌ನಲ್ಲಿ ಅರ್ಧ ಭಾಗ ಪಂಪಿನ ಹೊಟ್ಟೆಗೆ ಹೋಗುತ್ತಿತ್ತು. 0.75 ಮಂಗಳೂರಿನಿಂದ ತರಿಸಬೇಕಾಯಿತು, ಕಾಯಿಸಿದರು, ಸಾಗಾಣಿಕೆ ಬೇರೆ.

125 ಎಂಎಂ ಪೈಪು, ಅದರ ಹೊರ ಅಳತೆ 140. ತೂತು 300 ಎಂಎಂ. ಸುತ್ತ ಎಂಟು ಸೆಂಟಿಮೀಟರ್ ಜಾಗ ಸಿಕ್ಕಿತು. ಬೋರ್‌ನವರು 8 ಇಂಚು ಸಾಕು ಅಂದರು. "ಇಷ್ಟ್ ದೊಡ್ಡದ್ ಎಂತಕ್ ಮಾರಾಯ್ರೆ?" ಅಂತ. 8 ಇಂಚಿನಲ್ಲಿ ಸುತ್ತ ಮೂರು ಸೆಂಟಿಮೀಟರ್ ಸಂದಿ, ಪೈಪ್ ಸ್ವಲ್ಪ ವಾಲಿದರೆ ಒಂದು ಕಡೆ ಗ್ರಾವೆಲ್ಲೇ ಇರುವುದಿಲ್ಲ. ವಾಲದ ಹಾಗೆ ಪೈಪಿಗೆ ಮೂರು ಕಡೆ ಪಿವಿಸಿ ಪಟ್ಟಿ ಬಗ್ಗಿಸಿ ಕಟ್ಟಿದೆವು. ತಳದಲ್ಲಿ ಒಂದು ಮೀಟರ್ ಸಾದಾ ಪೈಪ್, ಮುಚ್ಚಳ. ಅದರ ಮೇಲೆ 6 ಮೀಟರ್ ಸ್ಕ್ರೀನ್, ನೆಲದಿಂದ 9ರಿಂದ 15 ಮೀಟರ್ ತನಕ. ಮೇಲೆಲ್ಲ ಸಾದಾ. ಪಂಪು 8 ಮೀಟರಿನಲ್ಲಿ, ಸ್ಕ್ರೀನ್ ಎದುರಿಗಲ್ಲ.

ಗ್ರಾವೆಲ್ ಸುರಿಯುವುದೇ ಈ ಕೆಲಸದ ಜೀವ. ಚೀಲ ಬಿಚ್ಚಿ ದಬಕ್ಕನೆ ಸುರಿದರೆ ಮಧ್ಯದಲ್ಲಿ ಕಚ್ಚಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ನಮ್ಮ ತೂತಿನ ಲೆಕ್ಕಕ್ಕೆ ಒಂದು ಚೀಲ ಸುಮಾರು ಅರ್ಧ ಮೀಟರ್ ಏರಬೇಕು. ಹಾಗಾಗಿ ಬೊಗಸೆಯಲ್ಲಿ ಸುರಿಯುತ್ತಾ, ಚೀಲ ಮುಗಿದಾಗೆಲ್ಲ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಸಿ ನೋಡಿದೆವು. ಒಂದು ಸಲ ಒಂದೇ ಚೀಲಕ್ಕೆ ಒಂದೂವರೆ ಮೀಟರ್ ಏರಿತು. ನಿಲ್ಲಿಸಿದೆವು. ಪೈಪನ್ನು ಕೈಯಲ್ಲಿ ಅಲುಗಿಸಿ, ಸುತ್ತಲಿನ ಸಂದಿಗೆ ನೀರು ಬಿಟ್ಟಾಗ ಒಳಗೆ ಗುಡಕ್ ಅಂತ ಸದ್ದಾಯಿತು. ಗುಂಡು ಮತ್ತೆ ಇಳಿಸಿದರೆ ಮಟ್ಟ ಒಂದು ಮೀಟರ್ ಕೆಳಗೆ! ಆ ಸದ್ದು ಕೇಳಿದ ಮೇಲೆ ಬೋರ್‌ನವರೂ ಆತುರ ಬಿಟ್ಟರು. ಹದಿನಾರು ಚೀಲದ ಲೆಕ್ಕವಿತ್ತು, ಇಪ್ಪತ್ತು ತರಿಸಿದ್ದೆ. ಪ್ಲಂಜರ್ ಹಾಕಿ ಮೇಲೆ ಕೆಳಗೆ ಆಡಿಸಿ ಹೊಯ್ಗೆ ಹೊರಗೆ ತೆಗೆಯುವಾಗ ಗ್ರಾವೆಲ್ ಇನ್ನೂ ಕುಸಿಯಿತು, ಹೆಚ್ಚಿನ ಚೀಲಗಳೂ ಖರ್ಚಾದವು. ಮುಂದೆ ಬೇಕಾದರೆ ಅಂತ ಸಂದಿಯಲ್ಲಿ ಎರಡಿಂಚಿನ ಪೈಪ್ ಒಂದನ್ನು ಗ್ರಾವೆಲ್ ತನಕ ಬಿಟ್ಟು, ಮುಚ್ಚಳ ಹಾಕಿದ್ದೇವೆ. ಉಳಿದ ಸಂದಿಗೆ ಜೇಡಿ, ಮೇಲೆ ಸಿಮೆಂಟ್.

ಆಮೇಲಿನ ದಿನಗಳು ಖುಷಿಯೇ ಖುಷಿ. ಬೆಳಿಗ್ಗೆ ಪಂಪ್ ಹಾಕಿ ಮೊದಲ ನೀರನ್ನು ಬಿಳಿ ಬಕೆಟ್‌ಗೆ ಹಿಡಿಯುತ್ತೇನೆ. ಕೈಯಲ್ಲಿ ಗರಗರ ತಿರುಗಿಸಿ ಬಿಡಬೇಕು, ಹೊಯ್ಗೆ ಇದ್ದರೆ ತಳದ ಮಧ್ಯದಲ್ಲಿ ಚುಕ್ಕಿಯಾಗಿ ಬಂದು ಕೂರುತ್ತದೆ. ಹಳೆ ಬೋರ್‌ನಲ್ಲಿ ಒಂದು ಚಮಚದಷ್ಟು ಕೂರುತ್ತಿತ್ತು. ಇದರಲ್ಲಿ ಬೆರಳು ಒತ್ತಿದರೆ ಅಂಟುವಷ್ಟೂ ಇಲ್ಲ. ಮನೆಯವರಿಗೆ ಇದು ಹುಚ್ಚು ಅನ್ನಿಸುತ್ತದೆ. ನನಗೆ ಕಾಫಿಗಿಂತ ಮುಂಚೆ ಇದಾಗಬೇಕು.

ಮೂರನೇ ಮಳೆಗಾಲ ಕಳೆದ ಮೇಲೆ ಮೂಡು ಸ್ವಲ್ಪ ಕೆಟ್ಟಿತು. ಟ್ಯಾಂಕ್ ತುಂಬಲು ಮೊದಲಿಗಿಂತ ಹೊತ್ತು ಹಿಡಿಯತೊಡಗಿತು. ಹೊಯ್ಗೆ ಇಲ್ಲ, ನೀರೂ ಕಡಿಮೆ. ಬೋರ್‌ನವರು ಪಂಪ್ ಬದಲಿಸಿ ಅಂದರು. ನಾನು ಮೊದಲು ಹಗ್ಗ ಇಳಿಸಿದೆ. ಪಂಪ್ ನಿಂತಿದ್ದಾಗ ನೀರಿನ ಮಟ್ಟ ಹಿಂದಿನ ವರ್ಷ ಅದೇ ತಿಂಗಳು ಇದ್ದಷ್ಟೇ. ಆದರೆ ಪಂಪ್ ಓಡುವಾಗ, ಹೊಸತರಲ್ಲಿ 1.2 ಮೀಟರ್ ಇಳಿಯುತ್ತಿದ್ದದ್ದು ಈಗ 2.1 ಮೀಟರ್ ಇಳಿಯುತ್ತಿತ್ತು. ನೆಲದಲ್ಲಿ ನೀರಿದೆ, ಪೈಪಿನ ಒಳಗೆ ಬರಲು ಕಷ್ಟಪಡುತ್ತಿದೆ ಅಂತ ಅರ್ಥ. ಪಂಪ್ ಸವೆದಿದ್ದರೆ ನೀರು ಜಾಸ್ತಿ ಇಳಿಯುತ್ತಿರಲಿಲ್ಲ, ಕಡಿಮೆ ಇಳಿಯುತ್ತಿತ್ತು. ಪಂಪ್ ಎತ್ತಿದಾಗ ಮೈಗೆ ಕೆಂಪು ಲೋಳೆ ಮೆತ್ತಿತ್ತು. ನಮ್ಮ ಕಡೆ ನೀರಿನಲ್ಲಿ ಕಬ್ಬಿಣ ಇದ್ದದ್ದೇ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಸ್ಲಾಟ್‌ನಲ್ಲಿ ಲೋಳೆ ಕಟ್ಟುತ್ತದೆ. ಪೈಪ್ ಮಾರಿದವರು "ಮೆಂಟೆನೆನ್ಸೇ ಇಲ್ಲ" ಅಂದಿದ್ದರು. ಪಿವಿಸಿಗೆ ತುಕ್ಕು ಹಿಡಿಯುವುದಿಲ್ಲ ನಿಜ, ಸ್ಲಾಟ್ ಕಟ್ಟಿಕೊಳ್ಳುವುದಕ್ಕೆ ಅದು ಉತ್ತರ ಅಲ್ಲ ಅಲ್ವಾ?

10 ಶೇಕಡಾದ ಸೋಡಿಯಂ ಹೈಪೋಕ್ಲೋರೈಟ್, ಅಂಗಡಿಯವರ ಮಾತಿನಲ್ಲಿ ಹೈಪೋ, ಎರಡು ಲೀಟರ್ ತಗೊಂಡು ನೀರಿಗೆ ಬೆರೆಸಿ ಬೋರ್‌ಗೆ ಇಳಿಸಿ, ಪ್ಲಂಜರ್ ಆಡಿಸಿ, ರಾತ್ರಿ ಹಾಗೇ ಬಿಟ್ಟು, ಮರುದಿನ ವಾಸನೆ ಹೋಗುವ ತನಕ ಪಂಪ್ ಮಾಡಿ ನೀರು ಹೊರಗೆ ಬಿಟ್ಟೆವು. ಮೊದಲು ಬಂದದ್ದು ಚಹಾ ಬಣ್ಣ. ಬ್ಲೀಚಿಂಗ್ ಪೌಡರ್ ಹಾಕಬೇಡಿ, ಕರಗದ ಬಿಳಿ ಗಸಿ ಗ್ರಾವೆಲ್‌ನಲ್ಲೇ ಉಳಿಯುತ್ತದೆ. ಆಸಿಡ್ ಜೊತೆಗಂತೂ ಹೈಪೋ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಈಗ 1.4 ಮೀಟರಿಗೆ ಬಂದಿದೆ, ಮೊದಲಿನಷ್ಟಲ್ಲ, ಪರವಾಗಿಲ್ಲ. ಇನ್ನು ಪ್ರತಿ ವರ್ಷ ಬೇಸಿಗೆ ಮುಂಚೆ ಮಾಡುವುದು.

ಸ್ಕ್ರೀನ್ ಪೈಪಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು, "ಮೆಂಟೆನೆನ್ಸ್ ಇಲ್ಲ" ಅಂದದ್ದಕ್ಕೆ. ಗ್ರಾವೆಲ್‌ಗೆ ಪೂರ್ತಿ ಐದು. ಖರ್ಚು ನೋಡಿದರೆ ಹಳೆ ರೀತಿಯ ಬೋರ್‌ನ ಎರಡು ಪಟ್ಟು ಹತ್ತಿರ ಆಯಿತು, ಆದರೆ ಆಮೇಲೆ ಪಂಪ್ ರಿಪೇರಿಗೆ ಹೋಗಿಲ್ಲ. ಘಟ್ಟದ ಮೇಲಿನವರು, ಬಂಡೆ ಸಿಗುವ ಕಡೆಯವರು ಇದನ್ನೆಲ್ಲ ಓದಿ ಗಾಬರಿಯಾಗಬೇಡಿ. ನಿಮಗೆ ಗಟ್ಟಿ ಕಲ್ಲು ಸಿಗುವ ತನಕ ಸಾದಾ ಕೇಸಿಂಗ್ ಇಳಿಸಿದರೆ ಸಾಕು, ಕೆಳಗೆ ಕಲ್ಲೇ ಗೋಡೆ. ಹೊಳೆ ದಂಡೆ, ಕಡಲ ದಂಡೆಯವರು ಮಾತ್ರ ಜರಡಿ ಹಿಡಿಸದೆ ಪೈಪಿಗೆ ಅಡ್ವಾನ್ಸ್ ಕೊಡಬೇಡಿ.